ಶೂಟಿಂಗ್ ದಿನದ ವರದಿ: ‘ತಾಂತ್ರಿಕ ಕಾರಣ’ ಅಂತ ಬರೆಯಬೇಡಿ

ಪ್ರತಿ ವರ್ಷ ವಿದ್ಯಾರ್ಥಿ ಕಿರುಚಿತ್ರಗಳ ಫೈಲುಗಳು ನನ್ನ ಮೇಜಿಗೆ ಬರುತ್ತವೆ. ಸಿನಿಮಾ ಚೆನ್ನಾಗಿರುತ್ತದೆ, ನಿರ್ಮಾಪಕರಾಗಿದ್ದ ವಿದ್ಯಾರ್ಥಿ ನಿಜಕ್ಕೂ ಓಡಾಡಿರುತ್ತಾರೆ. ಆದರೆ ವರದಿ ತೆರೆದರೆ ಎಲ್ಲ ದಿನವೂ 7:00ಕ್ಕೆ ಶುರು, 1:00ಕ್ಕೆ ಊಟ, 6:00ಕ್ಕೆ ಪ್ಯಾಕ್ ಅಪ್. ಮೂರು ದಿನದ ಶೂಟಿಂಗ್‌ನಲ್ಲಿ ಒಂದು ದಿನವೂ 7:10 ಆಗಲಿಲ್ಲವೇ? ಸಲ್ಲಿಕೆಯ ಹಿಂದಿನ ರಾತ್ರಿ ಕೂತು ನೆನಪಿನಿಂದ ಬರೆದದ್ದು ಎಂದು ಅಲ್ಲೇ ಗೊತ್ತಾಗುತ್ತದೆ. ಕ್ಯಾಮೆರಾದ ಫೈಲುಗಳಲ್ಲಿ ಸಮಯ ಇದ್ದೇ ಇರುತ್ತದೆ, ಹೋಲಿಸಿ ನೋಡಲು ಐದು ನಿಮಿಷ ಸಾಕು.

ಎರಡು ಪುಸ್ತಕ ಇಡಿ

ವರದಿ ಬೇರೆ, ಡೈರಿ ಬೇರೆ. ವರದಿಯಲ್ಲಿ ಏನಾಯಿತು, ಎಷ್ಟು ಹೊತ್ತಿಗೆ, ಎಷ್ಟು ಖರ್ಚು ಅನ್ನುವುದು ಮಾತ್ರ ಇರಬೇಕು. ನೀವು ಏನು ತೀರ್ಮಾನ ಮಾಡಿದಿರಿ, ಯಾಕೆ ಮಾಡಿದಿರಿ ಅನ್ನುವುದಕ್ಕೆ ಡೈರಿ. ಎರಡನ್ನೂ ಬೆರೆಸಿದರೆ ವರದಿಯಲ್ಲಿ ಬೇಜಾರು ತುಂಬುತ್ತದೆ, ಡೈರಿಯಲ್ಲಿ ಬರೀ ಸಮಯಪಟ್ಟಿ ಉಳಿಯುತ್ತದೆ.

ಇಂಟರ್ನೆಟ್‌ನಲ್ಲಿ ಸಿಗುವ ರೆಡಿಮೇಡ್ ಫಾರ್ಮ್ ಇಳಿಸಿಕೊಳ್ಳಬೇಡಿ. ಅವು ಹೆಚ್ಚಾಗಿ ಅಮೆರಿಕದ ದೊಡ್ಡ ಯೂನಿಟ್‌ಗಳಿಗೆ ಮಾಡಿದವು. ಅದರ ಅರ್ಧ ಕಾಲಂ ನಿಮಗೆ ಬೇಡ, ಖಾಲಿ ಬಿಟ್ಟರೆ ಮರೆತು ಬಿಟ್ಟ ಹಾಗೆ ಕಾಣುತ್ತದೆ. ಒಂದು ದಿನಕ್ಕೆ ಒಂದು ಹಾಳೆ ನೀವೇ ಗೆರೆ ಎಳೆದು ಮಾಡಿಕೊಳ್ಳಿ. ಕಾಲ್ ಟೈಮ್, ಮೊದಲ ಶಾಟ್, ಊಟ, ಪ್ಯಾಕ್ ಅಪ್, ಅಂದುಕೊಂಡ ದೃಶ್ಯಗಳು, ಮುಗಿದವು, ಬಾಕಿ, ತಡ, ಖರ್ಚು, ಯಾರಿಗಾದರೂ ಪೆಟ್ಟಾಗಿದ್ದರೆ ಅದು. ಇಷ್ಟು ಸಾಕು.

ಬೆಳಗ್ಗೆ ಮೊದಲ ಕೆಲಸ, ಕ್ಯಾಮೆರಾ ಮತ್ತು ಸೌಂಡ್ ರೆಕಾರ್ಡರ್‌ನ ಗಡಿಯಾರವನ್ನು ನಿಮ್ಮ ಫೋನಿಗೆ ಸರಿಮಾಡುವುದು. ಬಾಡಿಗೆ ಕ್ಯಾಮೆರಾಗಳಲ್ಲಿ ದಿನಾಂಕವೇ ತಪ್ಪಿರುವುದುಂಟು.

ತಡದ ಕಾಲಂ: ಎಲ್ಲರೂ ಎಡವುವ ಜಾಗ

ಒಂದು ತಂಡದ ಎರಡನೇ ದಿನದ ವರದಿ ನೆನಪಿದೆ. ಹಳೆಯ ಮನೆಯೊಂದರಲ್ಲಿ ಶೂಟಿಂಗ್. ಕಾಲ್ ಟೈಮ್ 6:30, ಮೊದಲ ಶಾಟ್ 7:30ಕ್ಕೆ ಎಂದಿತ್ತು, ಆದದ್ದು 8:50ಕ್ಕೆ. ತಡದ ಕಾಲಂನಲ್ಲಿ ಒಂದೇ ಸಾಲು: ‘ತಾಂತ್ರಿಕ ಕಾರಣಗಳಿಂದ 1 ಗಂಟೆ 20 ನಿಮಿಷ ತಡ’.

ನಾನು ಆ ತಂಡದ ನಿರ್ಮಾಪಕಿಯಾಗಿದ್ದ ಹುಡುಗಿಯನ್ನು ಕೂರಿಸಿಕೊಂಡು, ಅವಳ ಫೋನಿನ ಮೆಸೇಜ್‌ಗಳನ್ನೇ ಇಟ್ಟುಕೊಂಡು ಬಿಡಿಸಿದೆ. ಮನೆಯವರು ವಾಕಿಂಗ್ ಹೋಗಿದ್ದರಿಂದ ಬಾಗಿಲು ತೆಗೆದದ್ದು 6:55ಕ್ಕೆ, ಅಲ್ಲಿಗೆ 25 ನಿಮಿಷ ಹೋಯಿತು. ಲೈಟ್ ಹಾಕಲು ಒಂದು ಗಂಟೆ ಅಂದುಕೊಂಡಿದ್ದರು, ಮುಗಿದಾಗ 8:05, ಅಂದರೆ 10 ನಿಮಿಷ ಜಾಸ್ತಿ. ಶಾಟ್ ರೆಡಿ ಆದ ಮೇಲೆ ಪಕ್ಕದ ಕಟ್ಟಡದಲ್ಲಿ ಗ್ರಾನೈಟ್ ಕತ್ತರಿಸುವ ಮೆಷಿನ್ ಶುರುವಾಗಿ 45 ನಿಮಿಷ ಸುಮ್ನೆ ಕೂತರು. ಇಪ್ಪತ್ತೈದು, ಹತ್ತು, ನಲವತ್ತೈದು ಸೇರಿ ಎಂಬತ್ತು ನಿಮಿಷ. ಲೆಕ್ಕ ಸರಿಯಾಗಿ ಕೂತಿತು.

ಈಗ ನೋಡಿ, ಇದರಲ್ಲಿ ತಾಂತ್ರಿಕ ಕಾರಣ ಅನ್ನುವುದಿದ್ದರೆ ಲೈಟಿನ ಆ ಹತ್ತೇ ನಿಮಿಷ. ಉಳಿದ 70 ನಿಮಿಷ ನಿರ್ಮಾಪಕಿಯ ಕೆಲಸಕ್ಕೆ ಸೇರಿದ್ದು: ಹಿಂದಿನ ರಾತ್ರಿಯೇ ಕೀಲಿ ಕೇಳಬಹುದಿತ್ತು, ಲೊಕೇಶನ್ ನೋಡಲು ಭಾನುವಾರ ಹೋಗುವ ಬದಲು ಕೆಲಸದ ದಿನ ಬೆಳಗ್ಗೆ ಎಂಟಕ್ಕೆ ಹೋಗಿದ್ದರೆ ಮೆಷಿನ್ ಸದ್ದು ಕಿವಿಗೆ ಬೀಳುತ್ತಿತ್ತು. ‘ತಾಂತ್ರಿಕ ಕಾರಣ’ ಅಂತ ಬರೆದಾಗ ಇದೆಲ್ಲ ಮುಚ್ಚಿಹೋಗುತ್ತದೆ, ಮೂರನೇ ದಿನ ಮತ್ತೆ ಅದೇ ಆಗುತ್ತದೆ.

ಹಾಗಾಗಿ ಪ್ರತಿ ತಡಕ್ಕೂ ನಾಲ್ಕು ವಿಷಯ ಬರೆಯಿರಿ. ಎಷ್ಟಕ್ಕೆ ನಿಂತಿತು, ಎಷ್ಟಕ್ಕೆ ಮತ್ತೆ ಶುರುವಾಯಿತು, ಯಾವುದಕ್ಕಾಗಿ ಕಾದಿರಿ, ಆ ಹೊತ್ತಿನಲ್ಲಿ ಯೂನಿಟ್ ಏನು ಮಾಡುತ್ತಿತ್ತು. ಹೆಸರು ಹಿಡಿದು ಯಾರನ್ನೂ ದೂರಬೇಡಿ. ‘ಲೈಟ್ ಸ್ಟ್ಯಾಂಡ್ ಒಂದು ಕಡಿಮೆ ಬಂದಿತ್ತು’ ಎಂದರೆ ಮಾಹಿತಿ, ‘ಕ್ಯಾಮೆರಾ ತಂಡದವರ ಬೇಜವಾಬ್ದಾರಿ’ ಎಂದರೆ ಜಗಳ. ಎಲ್ಲ ತಡ ಕೂಡಿಸಿದಾಗ ಅಂದುಕೊಂಡ ಸಮಯಕ್ಕೂ ನಿಜವಾದ ಸಮಯಕ್ಕೂ ಇರುವ ಅಂತರ ಸಿಗಲೇಬೇಕು. ಸಿಗದಿದ್ದರೆ ಏನೋ ಬಿಟ್ಟಿದ್ದೀರಿ.

ಸೆಟ್‌ನಲ್ಲಿ ಪುಸ್ತಕ ತೆಗೆಯಲು ಪುರುಸೊತ್ತು ಇರುವುದಿಲ್ಲ, ಗೊತ್ತು. ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಮೆಸೇಜ್ ಹಾಕಿಕೊಳ್ಳಿ. ‘ಮೆಷಿನ್ ಸದ್ದು, ನಿಂತೆವು’ ಎಂದು ಮೂರು ಪದ ಸಾಕು, ಸಮಯ ತಾನಾಗಿಯೇ ಬೀಳುತ್ತದೆ. ಪ್ಯಾಕ್ ಅಪ್ ಆದ ಮೇಲೆ ಅದನ್ನು ನೋಡಿ ಅವತ್ತೇ ಹಾಳೆಗೆ ಇಳಿಸಿ. ವಾಯ್ಸ್ ನೋಟ್ ಬೇಡ. ರಾತ್ರಿ ಸುಸ್ತಾದಾಗ ಇಪ್ಪತ್ತು ವಾಯ್ಸ್ ನೋಟ್ ಕೇಳಿಸಿಕೊಳ್ಳುವವರನ್ನು ನಾನು ನೋಡಿಲ್ಲ.

ಮುಗಿದದ್ದು, ಬಾಕಿ

ದೃಶ್ಯಗಳ ಸಂಖ್ಯೆ ಮಾತ್ರ ಬರೆದರೆ ಸಾಲದು, ಒಂದು ದೃಶ್ಯ ಎರಡು ಸಾಲಿನದಿರಬಹುದು, ಇನ್ನೊಂದು ಎರಡು ಪುಟದ್ದು. ಸ್ಕ್ರಿಪ್ಟಿನ ಒಂದು ಪುಟವನ್ನು ಎಂಟು ಭಾಗ ಮಾಡಿ ಎಣಿಸುವುದು ಈ ಕಸುಬಿನ ರೂಢಿ. ಅದೇ ತಂಡ ಅವತ್ತು 4, 7, 8ನೇ ದೃಶ್ಯ ಅಂದುಕೊಂಡಿತ್ತು: 11, 8 ಮತ್ತು 9 ಭಾಗ, ಒಟ್ಟು 28, ಅಂದರೆ ಮೂರೂವರೆ ಪುಟ. ಮುಗಿದದ್ದು 19 ಭಾಗ. ತಾರಸಿಯ 8ನೇ ದೃಶ್ಯಕ್ಕೆ ಹೋಗುವಷ್ಟರಲ್ಲಿ ಬೆಳಕು ಹೋಗಿತ್ತು, 9 ಭಾಗ ಬಾಕಿ. ಈ ಬಾಕಿ ಮೂರನೇ ದಿನದ ಹಾಳೆಯ ‘ಅಂದುಕೊಂಡದ್ದು’ ಕಾಲಂಗೆ ಬರಬೇಕು. ದೃಶ್ಯವನ್ನೇ ಕೈಬಿಟ್ಟಿದ್ದರೆ ಹಾಗಂತ ಬರೆಯಿರಿ. ಎರಡನೇ ದಿನ ಬಾಕಿ ಇದ್ದದ್ದು ಮೂರನೇ ದಿನದ ಹಾಳೆಯಲ್ಲಿ ಕಾಣದಿದ್ದರೆ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಖರ್ಚು

ಬಿಲ್ಲುಗಳ ಫೋಟೊ ಅವತ್ತೇ ತೆಗೆಯಿರಿ. ಪೆಟ್ರೋಲ್ ಬಂಕ್, ಹೋಟೆಲ್‌ಗಳ ಹೊಳೆಯುವ ಕಾಗದದ ಬಿಲ್ ಕೆಲವು ತಿಂಗಳಲ್ಲಿ ಬಿಳಿಯಾಗಿಬಿಡುತ್ತದೆ, ಲ್ಯಾಮಿನೇಟ್ ಮಾಡಿಸಿದರಂತೂ ಬಿಸಿಗೆ ಪೂರ್ತಿ ಕಪ್ಪಾಗಬಹುದು. ಆಟೊ, ಟೀ ಖರ್ಚಿಗೆ ಬಿಲ್ ಇರುವುದಿಲ್ಲ, ವೋಚರ್ ಬರೆದು ಹಣ ಪಡೆದವರ ಸಹಿ ಹಾಕಿಸಿ.

ಡೈರಿ: ದಿನಕ್ಕೆ ಒಂದೇ ತೀರ್ಮಾನ

‘ಇವತ್ತು ತುಂಬಾ ಕಲಿತೆ, ತಂಡದ ಬೆಂಬಲ ಚೆನ್ನಾಗಿತ್ತು’ ಎಂಬ ಸಾಲುಗಳಿಗೆ ನಾನು ಅಂಕ ಕೊಡಲಾರೆ, ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ. ಅವತ್ತಿನ ಅತಿ ಕಷ್ಟದ ಒಂದು ತೀರ್ಮಾನ ಆರಿಸಿಕೊಳ್ಳಿ. ಆಗ ನಿಮಗೆ ಏನು ಗೊತ್ತಿತ್ತು, ಯಾವ ಯಾವ ದಾರಿ ಇತ್ತು, ಯಾವುದು ಹಿಡಿದಿರಿ, ಏನಾಯಿತು ಎಂದು ಒಂದು ಪುಟ ಬರೆಯಿರಿ.

ಆ ಹುಡುಗಿಗೆ ಬರೆಯಲು ಬೇಕಾದಷ್ಟಿತ್ತು. ಮೆಷಿನ್ ಶುರುವಾದಾಗ ಅವಳು ಕೆಲಸಗಾರರ ಹತ್ತಿರ ಹೋಗಿ ಊಟದ ತನಕ ನಿಲ್ಲಿಸಿ ಅಣ್ಣಾ ಎಂದು ಕೇಳಿಕೊಂಡಿದ್ದಳು. ಅವರು ಮೇಸ್ತ್ರಿಯನ್ನು ಕೇಳಬೇಕು ಎಂದರು, ಮೇಸ್ತ್ರಿ ಬರುವ ತನಕ ಕಾದು, 500 ರೂಪಾಯಿ ಕೊಟ್ಟು ಒಪ್ಪಿಸಿದ್ದಳು. ಆ 500 ವರದಿಯ ಖರ್ಚಿಗೆ ಹೋಗುತ್ತದೆ. ಡೈರಿಗೆ ಹೋಗಬೇಕಾದದ್ದು ಬೇರೆ ಪ್ರಶ್ನೆ: ಆ 45 ನಿಮಿಷದಲ್ಲಿ ಮಾತಿಲ್ಲದ ಶಾಟ್‌ಗಳನ್ನು, ಅಂದರೆ ಕೈ, ಕಿಟಕಿ, ಒಲೆ ಇವನ್ನು ಯಾಕೆ ತೆಗೆಯಲಿಲ್ಲ? ಕೇಳಿದಾಗ ಅವಳು ಹೇಳಿದ್ದು, ‘ಸರ್, ಯಾವ ಶಾಟ್‌ಗೆ ಸೌಂಡ್ ಬೇಡ ಅನ್ನೋ ಪಟ್ಟಿ ನಮ್ಮ ಹತ್ತಿರ ಇರಲಿಲ್ಲ’. ಆ ಒಂದು ವಾಕ್ಯ ಡೈರಿಯಲ್ಲಿ ಇದ್ದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿದ್ದೆ. ಮೂರನೇ ದಿನಕ್ಕೆ ಅವರು ಆ ಪಟ್ಟಿ ಮಾಡಿಕೊಂಡಿದ್ದರು ಎಂಬುದೂ ನನಗೆ ಗೊತ್ತಾದದ್ದು ಬಾಯಿಮಾತಿನಲ್ಲೇ, ಫೈಲಿನಲ್ಲಿ ಇರಲಿಲ್ಲ.

ಸಹಿ

ರಾತ್ರಿಯೇ ನಿರ್ದೇಶಕರಿಗೆ ಹಾಳೆ ತೋರಿಸಿ, ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದು ತಂಡದ ಗುಂಪಿಗೆ ಹಾಕಿ. ಬಾಲ್ ಪೆನ್ ಬಳಸಿ, ಜೆಲ್ ಪೆನ್ ಬೆವರು ಕೈಗೆ ಅಳಿಸುತ್ತದೆ. ಆಮೇಲೆ ತಪ್ಪು ಕಂಡರೆ ವೈಟ್ನರ್ ಹಚ್ಚಬೇಡಿ, ಹೊಸ ಹಾಳೆಗೆ ಅಂದವಾಗಿ ಬರೆದು ಹಳೆಯದನ್ನು ಎಸೆಯಲೂ ಬೇಡಿ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ದಿನಾಂಕ ಹಾಕಿ ಚಿಕ್ಕ ಸಹಿ ಮಾಡಿ. ಟೀ ಕಲೆ ಇದ್ದರೂ ಪರವಾಗಿಲ್ಲ, ಆ ಮೂಲ ಹಾಳೆಯನ್ನೇ ಫೈಲಿಗೆ ಹಾಕಿ.