ಬೀಗ ಹಾಕಿದ ಮನೆಯ ಉತ್ತರ: ಸಮೀಕ್ಷೆಯಲ್ಲಿ ತಪ್ಪಿಹೋದವರನ್ನು ಲೆಕ್ಕಕ್ಕೆ ತರುವುದು ಹೇಗೆ?

ಡಿಗ್ರಿ ಮಕ್ಕಳ ಪ್ರಾಜೆಕ್ಟ್ ವರದಿಗಳಲ್ಲಿ ನಾನು ಮೊದಲು ಹುಡುಕುವುದು ಒಂದೇ ಸಾಲು: ಎಷ್ಟು ಮನೆಗೆ ಹೋದಿರಿ, ಎಷ್ಟು ಮನೆ ಉತ್ತರಿಸಿತು? ಹೆಚ್ಚಿನ ವರದಿಗಳಲ್ಲಿ ಆ ಸಾಲೇ ಇರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಇದನ್ನು ಹೆಚ್ಚಿಸಬೇಕೇ ಎಂದು ಕಾರವಾರದ ಬೈತಖೋಲದ 120 ಮೀನುಗಾರ ಮನೆಗಳಲ್ಲಿ ಕೇಳಬೇಕು ಎಂದುಕೊಳ್ಳಿ.

ಮೊದಲು ಪ್ರಶ್ನೆ ಬರೆಯಿರಿ. "ಮೀನಿನ ಸಂತತಿ ಉಳಿಯಲು ನಿಷೇಧ ಹೆಚ್ಚಿಸಬೇಕು ಅಲ್ವಾ?" ಎಂದರೆ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. "ಈಗ 61 ದಿನ ನಿಷೇಧವಿದೆ. ಇದು ಹೆಚ್ಚಾಗಬೇಕೋ, ಕಡಿಮೆಯಾಗಬೇಕೋ, ಹೀಗೇ ಇರಬೇಕೋ?" ಎಂದು ಕೇಳಿ. ಇಲ್ಲಿ ಅನೇಕರದು ಕೊಂಕಣಿ ಮನೆಮಾತು. ಬಾಗಿಲಲ್ಲಿ ನಿಂತು ಅನುವಾದಿಸಲು ಹೋದರೆ "ಅಲ್ವಾ" ಮತ್ತೆ ನುಸುಳುತ್ತದೆ. ಕೊಂಕಣಿ ಪ್ರಶ್ನೆಯನ್ನೂ ಮೊದಲೇ ಬರೆದುಕೊಂಡು, ಎಲ್ಲರೂ ಅದನ್ನೇ ಓದಿ.

ಈಗ ಹೊರಡಿ. ಬೆಳಿಗ್ಗೆ 11ಕ್ಕೆ ಹೋದಾಗ 70 ಮನೆಯವರು ಸಿಕ್ಕರು. ಅವರಲ್ಲಿ 42 ಮಂದಿ ಹೆಚ್ಚಾಗಲಿ ಎಂದರು. ಅಂದರೆ ಶೇ 60. ಉಳಿದ 50 ಮನೆಗಳಲ್ಲಿ ಬೀಗ, ಇಲ್ಲವೇ "ಅವರು ಬೋಟಿಗೆ ಹೋಗಿದ್ದಾರೆ" ಎಂಬ ಮಾತು.

ಎಡವುವುದು ಇಲ್ಲೇ. ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆಗೆ ಹೋಗಿ ಸಂಖ್ಯೆ ತುಂಬಿಸುತ್ತಾರೆ. ಹಾಗೆ ಮಾಡಿದರೆ ಹಗಲು ಮನೆಯಲ್ಲಿರುವವರೇ ಇನ್ನೂ ಜಾಸ್ತಿಯಾಗುತ್ತಾರೆ. ಕಡಲಿಗೆ ಹೋದವರ ದುಡಿಮೆ ಬೋಟು ಓಡುವ ದಿನಗಳ ಮೇಲೆ ನಿಂತಿದೆ. ಅವರು ಸಿಗದಿರಲು ಯಾವುದು ಕಾರಣವೋ, ಅವರ ಅಭಿಪ್ರಾಯ ಬೇರೆಯಾಗಲೂ ಅದೇ ಕಾರಣ ಆಗಬಹುದು. ಇನ್ನೂ 500 ಮನೆ ಸುತ್ತಿದರೂ ಈ ಓರೆ ನೇರವಾಗದು.

ಮೊದಲು ಅನುಮಾನ ಎಷ್ಟು ದೊಡ್ಡದು ಎಂದು ಅಳೆಯಿರಿ. ಆ 50 ಮನೆಯವರೂ ಬೇಡ ಎಂದರೆ 120ಕ್ಕೆ 42, ಶೇ 35. ಎಲ್ಲರೂ ಬೇಕು ಎಂದರೆ 92, ಸುಮಾರು ಶೇ 77. ನಿಜ ಈ ನಡುವೆ ಎಲ್ಲೋ ಇದೆ.

ಈ ಅಂತರ ಕಿರಿದಾಗಬೇಕಾದರೆ 50ರಲ್ಲಿ 15 ಮನೆಗಳನ್ನು ಚೀಟಿ ಎತ್ತಿ ಆರಿಸಿ. ಹತ್ತಿರದ್ದು, ಪರಿಚಯದ್ದು ಎಂದು ಆರಿಸಬೇಡಿ. ಬೋಟು ದಡಕ್ಕೆ ಬರುವ ಹೊತ್ತು ಕೇಳಿಕೊಂಡು, ಸಂಜೆ, ಭಾನುವಾರ, ಮತ್ತೆ ಮತ್ತೆ ಹೋಗಿ. ಆ 15 ಮಂದಿಯೂ ಸಿಗಲೇಬೇಕು, ಪ್ರಶ್ನೆಯೂ ಅದೇ ಇರಬೇಕು. ಅವರಲ್ಲಿ 5 ಮಂದಿ ಹೆಚ್ಚಾಗಲಿ ಎಂದರೆ ಅದು ಮೂರರಲ್ಲೊಂದು ಪಾಲು. 50ಕ್ಕೆ ಸುಮಾರು 17. ಈಗ 42 ಮತ್ತು 17 ಸೇರಿ 59. 120ಕ್ಕೆ ಶೇ 49.

ಶೇ 60 ಎಂಬ ಸ್ಪಷ್ಟ ಬಹುಮತ ಕರಗಿಹೋಯಿತು. 15 ಸಣ್ಣ ಸಂಖ್ಯೆ. ಒಬ್ಬರು ಉತ್ತರ ಬದಲಿಸಿದರೂ ಒಟ್ಟು ಲೆಕ್ಕ ಶೇ 3ರಷ್ಟು ಅಲುಗುತ್ತದೆ. ಹಾಗಾಗಿ ವರದಿಯಲ್ಲಿ "ಸುಮಾರು ಅರ್ಧದಷ್ಟು ಜನ" ಎಂದು ಬರೆದು, ಪಕ್ಕದಲ್ಲೇ 120, 70, 15 ಈ ಮೂರೂ ಸಂಖ್ಯೆ ಕೊಡಿ.