ಚೌಡಿಕೆಯ ಕಥೆ ಬರೆಯುವಾಗ ಮೌನವನ್ನೂ ಬರೆಯಿರಿ

ಚಂದ್ರಗುತ್ತಿ ಸೀಮೆಯಲ್ಲಿ ಚೌಡಿಕೆ ಎಂಬ ತಂತಿವಾದ್ಯ ನುಡಿಸುತ್ತ ಹಾಡುವ ಎಲ್ಲಮ್ಮನ ಕಥೆಯನ್ನು ಸಂಶೋಧನಾ ಪ್ರಬಂಧಕ್ಕೆ ಬರೆದು ತಂದವರ ಪುಟ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಥೆ ಪೂರ್ತಿ ಇರುತ್ತದೆ. ಚೌಡಿಕೆಯವರು ನಿಲ್ಲಿಸಿದ್ದು, ಕೂತವರು ‘ಉಧೋ’ ಅಂದದ್ದು ಮಾತ್ರ ಇರುವುದಿಲ್ಲ.

ಮೊದಲು ಮೇಳದವರ ಒಪ್ಪಿಗೆ ಪಡೆಯಿರಿ. ಯಾವ ಭಾಗ ಅಚ್ಚಾಗಬಾರದು ಅಂತಲೂ ಕೇಳಿಕೊಳ್ಳಿ.

ರೆಕಾರ್ಡರ್ ಎರಡು ಬೇಕು. ಒಂದು ಹಾಡುವವರ ಹತ್ತಿರ, ಇನ್ನೊಂದು ಜನರ ನಡುವೆ. ಶುರುವಿನಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಸುಲಭವಾಗಿ ಹೊಂದಿಸಬಹುದು. ವೇವ್ ಫೈಲಿನಲ್ಲೇ ಇಡಿ. ಗದ್ದಲ ತೆಗೆಯುವ ಆ್ಯಪ್ ಬೇಡವೇ ಬೇಡ. ಅದು ಮೊದಲು ಅಳಿಸುವುದೇ ಹಿಂದಿನಿಂದ ಬರುವ ಸಣ್ಣ ‘ಹ್ಞೂಂ’ಗಳನ್ನು.

ಕಷ್ಟ ಇರುವುದು ಸಾಲು ಮುರಿಯುವಲ್ಲಿ. ವ್ಯಾಕರಣ ನೋಡಿ ಮುರಿಯಬೇಡಿ, ಉಸಿರು ನೋಡಿ ಮುರಿಯಿರಿ. ಅಮೆರಿಕದ ಮೂಲನಿವಾಸಿಗಳಾದ ಜೂನಿ ಜನರ ಕಥೆಗಳನ್ನು ಬರೆದಿಟ್ಟ ಡೆನ್ನಿಸ್ ಟೆಡ್‌ಲಾಕ್ ಹೀಗೇ ಮಾಡಿದರು. ಸಣ್ಣ ನಿಲುಗಡೆಗೆ ಹೊಸ ಸಾಲು, ಸುಮಾರು 2 ಸೆಕೆಂಡಿನ ನಿಲುಗಡೆಗೆ ಒಂದು ಚುಕ್ಕೆ.

ರೇಣುಕೆ ಹೊಳೆಯಲ್ಲಿ ಮರಳಿನ ಕೊಡ ಕಟ್ಟಲು ಹೋಗಿ ಆಗದೇ ಹೋದ ಜಾಗ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರೆಯುವುದು ‘ಅಂದು ಮರಳಿನ ಕೊಡ ಆಗಲಿಲ್ಲ’ ಅಂತ. ಸುಮ್ನೆ ಒಂದು ವಾಕ್ಯ. ಮಾದರಿಗೆ ನಾನೇ ಕಟ್ಟಿದ ಈ ಸಾಲುಗಳನ್ನು ನೋಡಿ:

ಮಾತು: ಮಳ್ಳು ತಗಂಡ್ಲು
ಕೊಡ ಮಾಡಾಕ್ ಹೋದ್ಲು
•
ಆಗ್ಲಿಲ್ಲ
•
ಜನ: ಅಯ್ಯೋ ತಾಯೀ
•
ಹಾಡು: ಕೂಡದಲ್ಲಾ ಮಳ್ಳು ಕೂಡದಲ್ಲೋಓಓ
ಹಿಮ್ಮೇಳ: ಕೂಡದಲ್ಲೋಓ
ಜನ: ಉಧೋ ಉಧೋ

‘ಆಗ್ಲಿಲ್ಲ’ ಆದಮೇಲೆ ಹಾಡುವವರು ಜನರಿಗಾಗಿ ಕಾದರು. ‘ಅಯ್ಯೋ’ ಬಂದ ಮೇಲೆಯೇ ಹಾಡು ಎತ್ತಿದರು. ಇದು ಆ ಒಂದು ವಾಕ್ಯದಲ್ಲಿ ಸಿಗುತ್ತದಾ?

ಚೌಡಿಕೆಯ ತಂತಿ ನುಡಿಯುತ್ತಿದ್ದರೆ ಅದನ್ನು ಮೌನ ಅಂತ ಗುರುತಿಸಬೇಡಿ, ‘ಚೌಡಿಕೆ, 4 ಸೆಕೆಂಡು’ ಎಂದು ಬರೆಯಿರಿ. ತಂತಿ ಬಿಗಿ ಮಾಡಲು ನಿಲ್ಲಿಸಿದ್ದರೆ ಅದನ್ನೂ ಹಾಗೇ ಹೇಳಿ. ಎರಡು ದನಿ ಒಂದರ ಮೇಲೊಂದು ಬಂದರೆ, ಸೇರಿಕೊಂಡ ಅಕ್ಷರದ ಮುಂದೆ ಎರಡೂ ಸಾಲಿನಲ್ಲಿ [ ಹಾಕಿ. ದನಿಗೆ ಬರಹವನ್ನು ಹೊಂದಿಸಿ ತೋರಿಸುವ ಎಲಾನ್ ತಂತ್ರಾಂಶದಲ್ಲಿ ಹಾಡುವವರು, ಹಿಮ್ಮೇಳ, ಜನ ಎಂದು ಮೂರು ಪಟ್ಟಿ ಮಾಡಿಕೊಂಡರೆ ಇದು ಕಣ್ಣಿಗೇ ಕಾಣುತ್ತದೆ. ಪುಕ್ಕಟೆ ಸಿಗುತ್ತದೆ.

‘ಪಲ್ಲವಿ ಮತ್ತೆ’ ಅಂತ ಬರೆದು ಮುಂದೆ ಹೋಗುವುದು ದೊಡ್ಡ ತಪ್ಪು. ಪ್ರತಿ ಸಲವೂ ಕೇಳಿ. ಮೂರನೇ ಸಲಕ್ಕೆ ‘ಮಳ್ಳು’ ಹೋಗಿ ‘ಮನಸು’ ಬಂದಿರಬಹುದು, ಅಲ್ವಾ? ಒಂದಕ್ಷರವೂ ಬದಲಾಗದಿದ್ದರೆ ಮಾತ್ರ ‘3 ಸಲ’ ಎನ್ನಿ. ‘ತಗಂಡ್ಲು’ ಎಂಬುದನ್ನು ‘ತೆಗೆದುಕೊಂಡಳು’ ಎಂದು ತಿದ್ದಲೇಬೇಡಿ. ಅರ್ಥ ಬೇಕಿದ್ದರೆ ಅಡಿಟಿಪ್ಪಣಿ ಇದೆ.

ಕೊನೆಗೆ ಬರೆದದ್ದನ್ನು ಮೇಳದವರ ಮುಂದೆ ನಿಲುಗಡೆ ಸಮೇತ ಓದಿ. ತಪ್ಪಿದ ಕಡೆ ಅವರೇ ಹಾಡಿ ತೋರಿಸುತ್ತಾರೆ. ಆ ಹಾಡನ್ನು ಹಳೆಯದರೊಳಗೆ ಸೇರಿಸಬೇಡಿ, ಹೊಸ ದಿನಾಂಕ ಹಾಕಿ ಬೇರೆಯೇ ಇಡಿ.