ಒಂದು ಹಳೆಯ ಕವರ್‌ನ ವಿಳಾಸ ಓದಿದ ನನ್ನ ಅನುಭವ

ಮನೆಯಲ್ಲಿದ್ದ ಹಳೆಯ ಕವರ್‌ಗಳನ್ನು ಊರಿನ ಪ್ರಕಾರ ವಿಂಗಡಿಸುವಾಗ ಒಂದು ಕವರ್ ಎರಡು ದಿನ ಕಾಡಿತು. ವಿಳಾಸ ಕನ್ನಡದಲ್ಲಿತ್ತು, ನೀರು ಬಿದ್ದು ತಾಲೂಕಿನ ಹೆಸರು ಕದಡಿತ್ತು. ಜಿಲ್ಲೆ ಬರೆದಿರಲಿಲ್ಲ. ಪಿನ್ ಕೋಡ್‌ನಲ್ಲಿ 577 ಸ್ಪಷ್ಟ, ಕೊನೆಯ 32 ಸ್ಪಷ್ಟ. ನಡುವಿನ ಅಂಕಿ ಮಾತ್ರ 1 ಇದ್ದ ಹಾಗಿತ್ತು. 577132 ಅಂದರೆ ಮೂಡಿಗೆರೆ. ಹಾಗೇ ಬರೆದಿಟ್ಟೆ.

ಅದು ತಪ್ಪಾಗಿತ್ತು. ಪಿನ್‌ನ ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಯನ್ನು ಹೇಳುತ್ತವೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು. 577ರಲ್ಲಿ ಚಿಕ್ಕಮಗಳೂರಿನ ಕಡೆಯ ಊರುಗಳೂ ಬರುತ್ತವೆ, ಶಿವಮೊಗ್ಗದ ಕಡೆಯವೂ ಬರುತ್ತವೆ. 577432 ಅಂದರೆ ತೀರ್ಥಹಳ್ಳಿ. ಒಂದೇ ಅಂಕಿಗೆ ಊರೇ ಬದಲಾಗುತ್ತದೆ.

ಅನುಮಾನ ಬಂದದ್ದು ಕದಡಿದ ಹೆಸರಿನಿಂದ. ಅಕ್ಷರಗಳ ಮೇಲ್ಭಾಗ ಹೋಗಿದ್ದರೂ, ಗೆರೆಯ ಕೆಳಗೆ ಒಂದು ಒತ್ತಕ್ಷರದ ಬಾಲ ಉಳಿದಿತ್ತು. ಮೂಡಿಗೆರೆಯಲ್ಲಿ ಒತ್ತೇ ಇಲ್ಲ ಅಲ್ವಾ? ತೀರ್ಥಹಳ್ಳಿಯಲ್ಲಿ ಕೊನೆಗೆ ಳಕ್ಕೆ ಒತ್ತು ಇದೆ. ಕನ್ನಡದ ವಿಳಾಸ ಮಸುಕಾದಾಗ ನಾನೀಗ ಮೊದಲು ನೋಡುವುದು ಗೆರೆಯ ಕೆಳಗೇ.

ಆಮೇಲೆ ಆ 1ನ್ನು ಮತ್ತೆ ನೋಡಿದೆ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಾಗದಕ್ಕೆ ಹೆಚ್ಚುಕಮ್ಮಿ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟೆ. ಬಾಲ್ ಪೆನ್ ಮಸಿ ಕೊಡದೆ ಜಾರಿದರೂ ಕಾಗದದಲ್ಲಿ ಗೀರು ಬಿಟ್ಟಿರುತ್ತದೆ. ಕಡ್ಡಿಯ ಎಡಕ್ಕೆ ಒಂದು ಓರೆ ಗೀರು, ಅದಕ್ಕೆ ಸೇರಿದ ಹಾಗೆ ಅಡ್ಡ ಗೀರು ಕಂಡವು. ಅದು 4.

ಮುಂದಿನದು ಠಸ್ಸೆ. ಗುಂಡು ಮುದ್ರೆಯ ಎಡಭಾಗ ಕಡುಗೆಂಪು ಅಂಚೆಚೀಟಿಯ ಮೇಲೆ ಬಿದ್ದಿತ್ತು. ಕಾಗದದ ಮೇಲಿದ್ದ ಭಾಗದಲ್ಲಿ ಇಂಗ್ಲಿಷಿನಲ್ಲಿ 'ಗಲೋರ್' ಅಂತ ಮಾತ್ರ ಓದಲು ಬರುತ್ತಿತ್ತು. ಬ್ಯಾಂಗಲೋರೋ, ಮ್ಯಾಂಗಲೋರೋ? ಇಂಗ್ಲಿಷಿನಲ್ಲಿ ಎರಡಕ್ಕೂ ಒಂಬತ್ತೇ ಅಕ್ಷರ, ಹಾಗಾಗಿ ಜಾಗ ಅಳೆದು ಪ್ರಯೋಜನವಿಲ್ಲ. ಕೆಂಪು ಜಿಲೆಟಿನ್ ಹಾಳೆ ಇಟ್ಟು ನೋಡಿದೆ. ಕೆಂಪು ಚೀಟಿ ತಿಳಿಯಾಗಿ ಕಾಣುತ್ತದೆ, ಕಪ್ಪು ಮಸಿ ಹಾಗೇ ಉಳಿಯುತ್ತದೆ. ಮುದ್ರೆಯ ಕೆಳಗಿನ ಕಮಾನಿನಲ್ಲಿ ಪಿನ್ 56 ಅಂತ ಶುರುವಾಗಿತ್ತು. ಮಂಗಳೂರಾಗಿದ್ದರೆ 575 ಇರಬೇಕಿತ್ತು. ಹಾಗಾಗಿ ಬೆಂಗಳೂರು. ಚೀಟಿಯೇ ಕಪ್ಪಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಎಲ್ಲ ಠಸ್ಸೆಯಲ್ಲೂ ಪಿನ್ ಇರುವುದೂ ಇಲ್ಲ.

ಒಂದು ಮಾತು: ಚೀಟಿಯ ಮೇಲಿನ ಠಸ್ಸೆ ಕಾಗದ ಹೊರಟ ಊರನ್ನು ಹೇಳುತ್ತದೆ, ತಲುಪಿದ ಊರನ್ನಲ್ಲ. ಇವೆರಡನ್ನು ಬೆರೆಸಿದರೆ ವಿಳಾಸ ಇನ್ನಷ್ಟು ಗೋಜಲಾಗುತ್ತದೆ. ತಲುಪಿದ್ದಕ್ಕೆ ಹಿಂಬದಿ ನೋಡಬೇಕು. ಹಳೆಯ ಕಾಗದಗಳಲ್ಲಿ ಬಟವಾಡೆ ಕಚೇರಿಯ ಮುದ್ರೆ ಎಷ್ಟೋ ಸಲ ಅಲ್ಲಿರುತ್ತದೆ. ನನ್ನ ಕವರ್‌ನ ಹಿಂದೆಯೂ ಒಂದು ಮಸುಕು ಗುಂಡು ಇತ್ತು. ಮುಂದಿನ ಠಸ್ಸೆಯಲ್ಲಿ 9ನೇ ತಾರೀಖು, ಇದರಲ್ಲಿ 11. ಓರೆ ಬೆಳಕಿನಲ್ಲಿ ಕೊನೆಯ ನಾಲ್ಕು ಅಕ್ಷರ ಓದಲು ಬಂದವು: ಎ, ಎಲ್, ಎಲ್, ಐ. ಪಟ್ಟಿಯಲ್ಲಿ ಮೂಡಿಗೆರೆ ಹೊಡೆದುಹಾಕಿ ತೀರ್ಥಹಳ್ಳಿ ಅಂತ ಬರೆದೆ.